ಬಣ್ಣದ ವೇಳಾಪಟ್ಟಿಯಿಂದ ಕಾಲಮ್ಮುಗಳಿಗೆ

ವಾಟ್ಸ್ಆ್ಯಪ್‌ನಲ್ಲಿ ಬಂದ ಕಾಲೇಜಿನ ವೇಳಾಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಆರು ದಿನ, ದಿನಕ್ಕೆ ಏಳು ಪೀರಿಯಡ್, ಒಟ್ಟು 42 ಚೌಕ. ಹಳದಿ ಎ ವಿಭಾಗ, ಹಸಿರು ಬಿ, ತಿಳಿಗುಲಾಬಿ ಸಿ. ಇದನ್ನು ಎಕ್ಸೆಲ್‌ಗೆ ತರುವಾಗ ದಿನ ಮತ್ತು ಪೀರಿಯಡ್ ಸಾಲಾಗಬೇಕು, ಪ್ರತಿ ಬಣ್ಣಕ್ಕೂ ಒಂದು ಕಾಲಮ್ ಬೇಕು. ಸೋಮವಾರದ ಮೊದಲ ಚೌಕ ಹಳದಿಯಾಗಿದ್ದು, ಅದರಲ್ಲಿ ‘ಗಣಿತ’ ಎಂದಿದ್ದರೆ ಆ ಪದ ಎ ಕಾಲಮ್ಮಿಗೆ ಹೋಗುತ್ತದೆ, ಉಳಿದೆರಡು ಖಾಲಿ.

ಅಕ್ಷರ ಓದುವ ತಂತ್ರಾಂಶಕ್ಕೆ ಹಿನ್ನೆಲೆಯ ಬಣ್ಣ ಲೆಕ್ಕಕ್ಕಿಲ್ಲ. ಹಾಗಾಗಿ ಗೆರೆಗಳ ಆಧಾರದಲ್ಲಿ ಚಿತ್ರವನ್ನು ಚೌಕಗಳಾಗಿ ಕತ್ತರಿಸಿ, ಬಣ್ಣವನ್ನು ಪ್ರತ್ಯೇಕವಾಗಿ ಅಳೆಯಬೇಕು. ನಡುವೆ ಅಕ್ಷರಗಳ ಕಪ್ಪು ಇರುವುದರಿಂದ ಮೂಲೆಯ ಹತ್ತಿರ, ಗೆರೆಗೆ ತಾಗದಂತೆ ಅಳೆಯುವುದು ವಾಸಿ.

ಫೋಟೊ ಕುಗ್ಗಿದಾಗ ಒಂದೇ ಹಳದಿ ಚೌಕದಿಂದ ಚೌಕಕ್ಕೆ ತುಸು ಬದಲಾಗುತ್ತದೆ. ಆದ್ದರಿಂದ ಕೆಂಪು, ಹಸಿರು, ನೀಲಿ ಅಂಕಿಗಳ ಬದಲು ವರ್ಣವನ್ನಷ್ಟೇ ಹೋಲಿಸಬೇಕು. ಓಪನ್‌ಸಿವಿಯಲ್ಲಿ ಆ ಪರಿವರ್ತನೆ ಹೀಗೆ:

```
hsv = cv2.cvtColor(img, cv2.COLOR_BGR2HSV)
```

ಇಲ್ಲಿ ವರ್ಣ 0ರಿಂದ 179ರವರೆಗೆ ಸುತ್ತುವ ಚಕ್ರ. ಹಳದಿ ಸುಮಾರು 30, ಹಸಿರು 60. ತಿಳಿಗುಲಾಬಿಯೇ ತೊಡಕು: ಅದು ಚಕ್ರದ ಅಂಚಿನಲ್ಲಿ ಕೂತಿರುವುದರಿಂದ ಒಂದು ಚೌಕದಲ್ಲಿ 178, ಇನ್ನೊಂದರಲ್ಲಿ 2 ಬರಬಹುದು. ಇವೆರಡರ ಸರಾಸರಿ 90, ಅಂದರೆ ಹಸಿರುನೀಲಿ! ಅದಕ್ಕೇ ಎರಡೂ ತುದಿಗಳನ್ನು ಒಂದೇ ಗುಂಪಿಗೆ ಸೇರಿಸಬೇಕು. ಬಿಳಿ ಚೌಕಕ್ಕೆ ವರ್ಣವೇ ಇಲ್ಲ. ಬಣ್ಣದ ಗಾಢತೆ ತೀರಾ ಕಡಿಮೆಯಿದ್ದರೆ ಅದನ್ನು ಬಿಡುವು ಎಂದು ಮೊದಲೇ ಬೇರ್ಪಡಿಸಬೇಕು.

ಕೊನೆಗೆ ಎಣಿಕೆ. ಮೂರು ಕಾಲಮ್ಮುಗಳ ತುಂಬಿದ ಚೌಕಗಳಿಗೆ ಬಿಳಿಯವನ್ನು ಕೂಡಿಸಿದರೆ 42 ಆಗಬೇಕು. ಕಡಿಮೆ ಬಂದರೆ, ಎರಡು ಪೀರಿಯಡ್ ಹಿಡಿದ ಲ್ಯಾಬ್ ಚೌಕ ಒಂದಾಗಿಯೇ ಉಳಿದಿದೆಯೇ ಎಂದು ಮೊದಲು ನೋಡಬೇಕು.