ಮೂರು ಪಂದ್ಯ, ಒಂದೇ ಅಂತರ

2023ರ ರಗ್ಬಿ ವಿಶ್ವಕಪ್‌ನ ಕೊನೆಯ ಮೂರು ಪಂದ್ಯಗಳನ್ನೂ ದಕ್ಷಿಣ ಆಫ್ರಿಕಾ ಒಂದೊಂದೇ ಅಂಕದಿಂದ ಗೆದ್ದಿತು. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 29-28, ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ 16-15, ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 12-11. ಅಂತರ ಒಂದೇ ಆದರೂ ಎರಡೂ ತಂಡಗಳ ಅಂಕ ಕೂಡಿಸಿದರೆ 57, 31, 23. ರಗ್ಬಿ ಬಾಜಿಯ ಎರಡು ಮುಖ್ಯ ಬಗೆಗಳು ಬೇರೆಬೇರೆ ಪ್ರಶ್ನೆ ಕೇಳುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹ್ಯಾಂಡಿಕ್ಯಾಪ್ ಅಂತರವನ್ನು ನೋಡುತ್ತದೆ. ಬಲಿಷ್ಠ ತಂಡದ ಲೆಕ್ಕದಿಂದ, ಉದಾಹರಣೆಗೆ, ಮೂರೂವರೆ ಅಂಕ ಕಳೆದರೆ ಆ ತಂಡ ಕನಿಷ್ಠ ನಾಲ್ಕು ಅಂಕದಿಂದ ಗೆಲ್ಲಬೇಕು. ಅರ್ಧ ಅಂಕ ಇರುವುದು ಸರಿಸಮ ಆಗದಂತೆ ತಡೆಯಲು. ಒಟ್ಟು ಅಂಕಗಳ ಬಾಜಿಗೆ ಯಾರು ಗೆದ್ದರೆಂಬುದು ಬೇಕಿಲ್ಲ. ಮೊತ್ತ ಗೊತ್ತುಪಡಿಸಿದ ಗೆರೆಯ ಮೇಲೋ ಕೆಳಗೋ ಎಂಬುದಷ್ಟೇ ಮುಖ್ಯ. ಸಾಮಾನ್ಯವಾಗಿ 80 ನಿಮಿಷದ ಆಟವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. (ಭಾರತದಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ.)

ರಗ್ಬಿಯಲ್ಲಿ ಅಂಕಗಳು ಒಂದೊಂದಾಗಿ ಬರುವುದಿಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಆಮೇಲೆ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ 2, ಪೆನಾಲ್ಟಿ ಒದೆತಕ್ಕೆ 3. ಹಾಗಾಗಿ 3 ಮತ್ತು 7 ಅಂಕಗಳ ಅಂತರಕ್ಕೆ ವಿಶೇಷ ತೂಕವಿದೆ. ಟ್ರೈ ಎಲ್ಲಿ ಆಯಿತೋ ಅದರ ನೇರದಲ್ಲೇ ಕನ್ವರ್ಷನ್ ಒದೆಯಬೇಕಾದ್ದರಿಂದ ಮೂಲೆಯಲ್ಲಿ ಗಳಿಸಿದ ಟ್ರೈ ಬಹುಪಾಲು 5ಕ್ಕೇ ನಿಲ್ಲುವ ಅಪಾಯವಿದೆ.

ಫ್ರಾನ್ಸ್ ಪಂದ್ಯದಲ್ಲಿ ಏಳು ಟ್ರೈಗಳಾದವು. ಫ್ರಾನ್ಸ್‌ನ ಒಂದು ಕನ್ವರ್ಷನ್‌ಗೆ ಚೆಸ್ಲಿನ್ ಕೋಲ್ಬೆ ಗೆರೆಯಿಂದ ಓಡಿ ಬಂದು ಅಡ್ಡ ನಿಂತು ಚೆಂಡನ್ನು ತಡೆದ. ಆ ಎರಡು ಅಂಕ ಸೇರಿ ಉಳಿದದ್ದೆಲ್ಲ ಹಾಗೇ ನಡೆದಿದ್ದರೆ ಫ್ರಾನ್ಸ್ 30-29ರಿಂದ ಗೆಲ್ಲುತ್ತಿತ್ತು. ನಿಜದಲ್ಲಿ ಅಂಕಪಟ್ಟಿ ಬದಲಾದೊಡನೆ ನಾಯಕರ ನಿರ್ಧಾರವೂ ಬದಲಾಗುತ್ತದೆ: ಎರಡು ಅಂಕ ಹಿಂದಿದ್ದರೆ ಪೆನಾಲ್ಟಿ ಸಾಕು, ನಾಲ್ಕು ಹಿಂದಿದ್ದರೆ ಕೊನೆಯಲ್ಲಿ ಟ್ರೈಯನ್ನೇ ಬೆನ್ನಟ್ಟಬೇಕು.

ಮುಂದಿನ ಎರಡು ಪಂದ್ಯಗಳಲ್ಲಿ ಒಂದೊಂದೇ ಟ್ರೈ. ಉಳಿದದ್ದು ಬಹುತೇಕ ಪೆನಾಲ್ಟಿಗಳದೇ ಲೆಕ್ಕ. ಫೈನಲ್‌ನಲ್ಲಿ ಹಾಂದ್ರೆ ಪೊಲ್ಲಾರ್ಡ್ ಒದ್ದ ನಾಲ್ಕು ಪೆನಾಲ್ಟಿಗಳೇ ದಕ್ಷಿಣ ಆಫ್ರಿಕಾದ 12 ಅಂಕ. 42.5ರ ಗೆರೆ ಎಳೆದಿದ್ದರೆ ಕ್ವಾರ್ಟರ್ ಫೈನಲ್ ಮೇಲೆ ಹೋಗುತ್ತಿತ್ತು, ಉಳಿದೆರಡು ಕೆಳಗೇ ಉಳಿಯುತ್ತಿದ್ದವು.

ಫೈನಲ್‌ನಲ್ಲಿ ಬೋಡನ್ ಬ್ಯಾರೆಟ್ ಟ್ರೈ ಗಳಿಸಿದ ಮೇಲೆ ರಿಚಿ ಮೊಉಂಗಾ ಕನ್ವರ್ಷನ್ ತಪ್ಪಿಸಿದ. ಅದು ಕಂಬಗಳ ನಡುವೆ ಹೋಗಿ, ಬೇರೇನೂ ಬದಲಾಗದೆ ಇದ್ದಿದ್ದರೆ ಕಪ್ 13-12ರಿಂದ ನ್ಯೂಜಿಲೆಂಡ್ ಪಾಲಾಗುತ್ತಿತ್ತು. ಆದರೆ ದಕ್ಷಿಣ ಆಫ್ರಿಕಾದ ಲೆಕ್ಕದಿಂದ ಮೂರೂವರೆ ಅಂಕ ಕಳೆಯುವ ಹ್ಯಾಂಡಿಕ್ಯಾಪ್‌ನಲ್ಲಿ ಎರಡೂ ಸಲ ಗೆಲುವು ನ್ಯೂಜಿಲೆಂಡ್ ಕಡೆಗೇ. ಒಟ್ಟು ಮೊತ್ತ ಮಾತ್ರ 23ರಿಂದ 25ಕ್ಕೆ ಏರುತ್ತಿತ್ತು.