ಸೂಜಿ ಹಾಕಬಹುದು, ಸಹಿ ಹಾಕುವಂತಿಲ್ಲ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಕೊನೆಯ ವರ್ಷ ಓದುವವರಿಗೆ ವೃತ್ತಿ ನೀತಿ ಮತ್ತು ಕಾನೂನಿನ ಪಾಠವಿದೆ. ಅದರಲ್ಲಿ ಮಕ್ಕಳು ಎಡವುವುದು ಒಂದೇ ಜಾಗದಲ್ಲಿ: ಪದವೀಧರ ವೈದ್ಯರ ಕೆಲಸ ಯಾವುದು, ಡಿಪ್ಲೊಮಾ ಪಡೆದ ಸಹಾಯಕರ ಕೆಲಸ ಯಾವುದು?

ಉತ್ತರ ಇರುವುದು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಕಲಮಿನಲ್ಲಿ. ನೋಂದಾಯಿತ ಪಶುವೈದ್ಯರ ಹೊರತು ಬೇರೆ ಯಾರೂ ಚಿಕಿತ್ಸೆಯ ವೃತ್ತಿ ನಡೆಸುವಂತಿಲ್ಲ. ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಇಲ್ಲಿ 'ನೋಂದಾಯಿತ' ಎಂಬ ಪದವೇ ಮುಖ್ಯ. ಪದವಿ ಕೈಗೆ ಬಂದರಷ್ಟೇ ಸಾಲದು, ಪರಿಷತ್ತಿನ ಪಟ್ಟಿಯಲ್ಲಿ ಹೆಸರಿರಬೇಕು.

ಇದಕ್ಕೆ ಒಂದು ವಿನಾಯಿತಿ ಉಂಟು. ರಾಜ್ಯ ಸರ್ಕಾರ ಆದೇಶ ಹೊರಡಿಸಿದರೆ, ಡಿಪ್ಲೊಮಾ ಅಥವಾ ಸರ್ಟಿಫಿಕೇಟು ಪಡೆದ ಸಹಾಯಕರು 'ಸಣ್ಣ ಪಶುವೈದ್ಯ ಸೇವೆ' ನೀಡಬಹುದು. ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಕಾಯ್ದೆಯೇ ಕೊಡುವ ಉದಾಹರಣೆಗಳು. ಉಳಿದವನ್ನು ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕು. ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಹಾಗೂ ನಿರ್ದೇಶನದಲ್ಲಿ ಮಾತ್ರ.

ಈಗ ಯಲಹಂಕದ ಆಚೆಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಏಳು ತಿಂಗಳ ಗಬ್ಬದ ಹಸು ಕಂದು ಹಾಕಿದೆ, ಕಸ ಬಿದ್ದಿಲ್ಲ. ಹತ್ತಿರದಲ್ಲಿರುವುದು ಸಹಾಯಕರೊಬ್ಬರೇ. "ಕೈ ಹಾಕಿ ತೆಗೆದುಬಿಡಿ ಸ್ವಾಮಿ" ಎನ್ನುತ್ತಾನೆ ರೈತ. ತೆಗೆಯಬಹುದೇ?

ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಕಂದು ಹಾಕಿ ಕಸ ಉಳಿದರೆ ಮೊದಲು ಶಂಕಿಸಬೇಕಾದ ರೋಗಗಳಲ್ಲಿ ಬ್ರುಸೆಲ್ಲೋಸಿಸ್ ಒಂದು. ಆ ಕಸದಲ್ಲಿ, ಸ್ರಾವದಲ್ಲಿ ರೋಗಾಣು ತುಂಬಿರುತ್ತದೆ. ಬರಿಗೈ ಹಾಕಿದವರಿಗೆ ಮರುಕಳಿಸುವ ಜ್ವರ, ಕೀಲುನೋವು ಅಂಟಬಹುದು. ರೋಗ ಯಾವುದೆಂದು ನಿರ್ಧರಿಸುವುದು, ಪ್ರತಿಜೈವಿಕ ಔಷಧಿಗೆ ಚೀಟಿ ಬರೆಯುವುದು ವೈದ್ಯರ ಕೆಲಸ. ಸಹಾಯಕರು ಹಸುವನ್ನು ಬೇರೆ ಕಟ್ಟಿಸಿ, ಕಂದನ್ನು ನಾಯಿಗಳು ಎಳೆಯದಂತೆ ಕಾಯಿಸಿ, ಹಾಲು ಕಾಯಿಸದೆ ಕುಡಿಯಬೇಡಿ ಎಂದು ಹೇಳಿ, ವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. ರಕ್ತದ ಮಾದರಿಯ ಪರೀಕ್ಷೆ ಮುಂದಿನ ಹೆಜ್ಜೆ. ಇಂಥ ರೋಗಗಳ ಅಧ್ಯಯನಕ್ಕೆಂದೇ ಯಲಹಂಕದ ರಾಮಗೊಂಡನಹಳ್ಳಿಯಲ್ಲಿ 'ನಿವೇದಿ' ರಾಷ್ಟ್ರೀಯ ಸಂಸ್ಥೆಯಿದೆ.

ಅದೇ ಕೊಟ್ಟಿಗೆಯ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುವಿಗೆ ಬ್ರುಸೆಲ್ಲಾ ಲಸಿಕೆ ಹಾಕುವುದಾದರೆ? ಲಸಿಕೆ ಸಣ್ಣ ಸೇವೆಯೇ, ಸಹಾಯಕರು ಹಾಕಬಹುದು. ಆದರೆ ಎಸ್-19 ಜೀವಂತ ಲಸಿಕೆ. ಸೂಜಿ ತಪ್ಪಿ ಬೆರಳಿಗೆ ಚುಚ್ಚಿದರೆ ಹಾಕಿದವರಿಗೇ ರೋಗ ಬರಬಹುದು. 'ಮೇಲ್ವಿಚಾರಣೆ' ಎಂಬ ಷರತ್ತು ಕಾಗದದ ಮಾತಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ಕೊನೆಗೆ, ಆ ಹಸುವನ್ನು ಮಾರಲು ರೈತ ಆರೋಗ್ಯ ಪ್ರಮಾಣಪತ್ರ ಕೇಳಿದರೆ ಸಹಾಯಕರ ಸಹಿ ನಡೆಯದು. ನೋಂದಣಿಯಾಗದ ಹೊಸ ಪದವೀಧರರ ಸಹಿಯೂ ಅಷ್ಟೇ. ಪರೀಕ್ಷೆಯಲ್ಲಿ ಇಂಥ ಪ್ರಸಂಗ ಬಂದಾಗ ಮೂರನ್ನು ಕೇಳಿಕೊಂಡು ಉತ್ತರ ಬರೆಯಿರಿ: ಪಟ್ಟಿಯಲ್ಲಿ ಹೆಸರಿದೆಯೇ, ಕೆಲಸ ಸಣ್ಣ ಸೇವೆಯೊಳಗೆ ಬರುತ್ತದೆಯೇ, ಮೇಲ್ವಿಚಾರಕರು ಯಾರು?