ಕೊನೆಗೆ ಉಳಿಸಿಟ್ಟ ಅಸಲು: ಬಲೂನ್ ಸಾಲದ ಸಣ್ಣ ಕಂತು ಹುಟ್ಟುವ ಬಗೆ

ಕಾರು ಕೊಳ್ಳಲು ಹೋದವರ ಮುಂದೆ ಸಾಲದ ಎರಡು ಲೆಕ್ಕ ಇಡುವುದುಂಟು. ಒಂದು ಮಾಮೂಲಿ ಇಎಂಐ. ಇನ್ನೊಂದರ ಕಂತು ಅದಕ್ಕಿಂತ ಮೂರು ಸಾವಿರ ರೂಪಾಯಿಯಷ್ಟು ಕಡಿಮೆ. ಆದರೆ ಅವಧಿ ಮುಗಿಯುವ ತಿಂಗಳು ಒಂದು ದೊಡ್ಡ ಮೊತ್ತವನ್ನು ಒಂದೇ ಸಲ ಕಟ್ಟಬೇಕು. ಈ ಎರಡನೆಯದೇ ಬಲೂನ್ ಸಾಲ. ಕೊನೆಯ ಆ ದೊಡ್ಡ ಗಂಟು ಎಲ್ಲರ ಕಣ್ಣಿಗೂ ಬೀಳುತ್ತದೆ. ತಿಂಗಳ ಕಂತು ಅಷ್ಟೇ ಯಾಕೆ ಇಳಿಯಿತು, ಇನ್ನೂ ಯಾಕೆ ಇಳಿಯಲಿಲ್ಲ ಎಂದು ಮಾತ್ರ ಕೇಳುವವರು ಕಡಿಮೆ. ಉತ್ತರ ಗೊತ್ತಿದ್ದರೆ ಸಾಲದ ಕಾಗದ ಸರಿಯಿದೆಯೋ ಇಲ್ಲವೋ ಎಂಬುದನ್ನು ಅಲ್ಲೇ ಕುಳಿತು ನೋಡಿಬಿಡಬಹುದು.

ಒಂದು ಸಾಲವನ್ನೇ ಹಿಡಿದು ಹೋಗೋಣ. ಸಾಲ 8 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 9, ಅವಧಿ 60 ತಿಂಗಳು. ಬಡ್ಡಿ ಇಳಿಯುವ ಬಾಕಿಯ ಮೇಲೆ, ಅಂದರೆ ಆಯಾ ತಿಂಗಳು ಉಳಿದಿರುವ ಅಸಲಿನ ಮೇಲೆ ಮಾತ್ರ. ಮಾಮೂಲಿ ಕ್ರಮದಲ್ಲಿ ಇದರ ಇಎಂಐ 16,607 ರೂಪಾಯಿ. ಬಲೂನ್ ಕ್ರಮದಲ್ಲಿ 60ನೆಯ ಕಂತಿನ ಜೊತೆಗೆ 2,40,000 ರೂಪಾಯಿ ಕಟ್ಟುವುದೆಂದು ಮಾತಾಗಿದೆ ಎಂದುಕೊಳ್ಳಿ. ಹಾಗಾದರೆ ತಿಂಗಳಿಗೆ ಎಷ್ಟು?

ಥಟ್ಟನೆ ಹೊಳೆಯುವ ಉತ್ತರ ಹೀಗಿರುತ್ತದೆ: ಎಂಟರಲ್ಲಿ ಎರಡು ಲಕ್ಷದ ನಲವತ್ತು ಸಾವಿರ ಕಳೆದರೆ 5,60,000. ಕಂತು ಕಟ್ಟಬೇಕಾದದ್ದು ಇಷ್ಟಕ್ಕೇ ತಾನೆ? ಅದರ ಇಎಂಐ 11,625. ಆದರೆ ಸಾಲ ಕೊಡುವವರ ಕಾಗದದಲ್ಲಿ 13,425 ಎಂದಿರುತ್ತದೆ. ತಿಂಗಳಿಗೆ 1,800 ರೂಪಾಯಿ ಹೆಚ್ಚು. ಮೋಸ ಇಲ್ಲೇ ನಡೆದಿದೆ ಎಂದು ಅನುಮಾನ ಪಡುವವರಿದ್ದಾರೆ. ಮೋಸವೇನೂ ಇಲ್ಲ. ಆ 1,800 ರೂಪಾಯಿಯೇ ಈ ಲೆಕ್ಕದ ಬೀಗದ ಕೈ.

ಆ 2,40,000 ರೂಪಾಯಿಯನ್ನು ನೀವು ಐದು ವರ್ಷದ ನಂತರ ಪಡೆಯುತ್ತಿಲ್ಲ, ಇವತ್ತೇ ಪಡೆದಿದ್ದೀರಿ. ಅದೂ ಸೇರಿಯೇ ಕಾರಿನ ಹಣ ಸಂದಾಯವಾಗಿರುವುದು. ಅಸಲನ್ನು ಕೊನೆಗೆ ಕೊಡುತ್ತೇನೆ ಎಂದಿರೇ ಹೊರತು ಬಡ್ಡಿ ಬೇಡವೆಂದು ಯಾರೂ ಹೇಳಿಲ್ಲ. ನಮ್ಮ ಊರುಗಳ ಕೈಸಾಲ ಬಲ್ಲವರಿಗೆ ಇದು ಹೊಸತಲ್ಲ: ತಿಂಗಳು ತಿಂಗಳು ಬಡ್ಡಿ ಮುಟ್ಟಿಸುತ್ತಾ ಹೋಗುವುದು, ಅಸಲು ಹಾಗೇ ನಿಂತಿರುವುದು, ಕೈಗೆ ಹಣ ಬಂದಾಗ ಅಸಲು ತೀರಿಸುವುದು. ಆ ಮಾತಿನಲ್ಲಿ ಹೇಳುವುದಾದರೆ ವರ್ಷಕ್ಕೆ ಶೇ. 9 ಎಂದರೆ ನೂರಕ್ಕೆ ಮುಕ್ಕಾಲು ರೂಪಾಯಿ ಬಡ್ಡಿ. 2,40,000 ರೂಪಾಯಿಗೆ ಮುಕ್ಕಾಲು ರೂಪಾಯಿಯಂತೆ ತಿಂಗಳಿಗೆ 1,800. ಐದು ವರ್ಷವೂ ಅಷ್ಟೇ, ಒಂದು ಪೈಸೆ ಇಳಿಯುವುದಿಲ್ಲ.

ಹೀಗೆ ನೋಡಿದರೆ ಬಲೂನ್ ಸಾಲವೆಂದರೆ ಒಂದೇ ಕಾಗದದಲ್ಲಿ ಹೊಲಿದ ಎರಡು ಸಾಲ. ಒಂದು 5,60,000 ರೂಪಾಯಿಯ ಮಾಮೂಲಿ ಇಎಂಐ ಸಾಲ, ಅದರ ಕಂತು 11,625. ಇನ್ನೊಂದು 2,40,000 ರೂಪಾಯಿಯ ಬಡ್ಡಿ ಮಾತ್ರ ಕಟ್ಟುವ ಸಾಲ, ಅದರ ಬಡ್ಡಿ 1,800. ಎರಡೂ ಕೂಡಿ 13,425. ಇದನ್ನು ಮಾಡಲು ಸೂತ್ರ ಬಾಯಿಪಾಠ ಬೇಕಿಲ್ಲ. ಯಾವುದೇ ಬ್ಯಾಂಕಿನ ಜಾಲತಾಣದಲ್ಲಿರುವ ಇಎಂಐ ಕ್ಯಾಲ್ಕುಲೇಟರಿಗೆ ಬಲೂನ್ ಮೊತ್ತ ಕಳೆದು ಉಳಿದ ಸಾಲವನ್ನು ಕೊಡಿ. ಬಂದ ಉತ್ತರಕ್ಕೆ ಬಲೂನ್ ಮೊತ್ತದ ಒಂದು ತಿಂಗಳ ಬಡ್ಡಿ ಕೂಡಿಸಿ. ಅಷ್ಟೇ. ಸೂತ್ರವೇ ಬೇಕೆನ್ನುವವರಿಗೆ:

```
EMI = (P - B) × r / (1 - (1 + r)^-n) + B × r
```

ಇಲ್ಲಿ P ಪೂರ್ತಿ ಸಾಲ, B ಬಲೂನ್ ಮೊತ್ತ, r ಒಂದು ತಿಂಗಳ ಬಡ್ಡಿ (ಶೇ. 9ಕ್ಕೆ 0.0075), n ತಿಂಗಳುಗಳ ಸಂಖ್ಯೆ.

ಉತ್ತರ ಸರಿಯೇ ಎಂದು ತಾಳೆ ನೋಡುವುದೂ ಸುಲಭ. ಮೊದಲ ತಿಂಗಳ ಬಡ್ಡಿ ಪೂರ್ತಿ 8 ಲಕ್ಷದ ಮೇಲೆ 6,000 ರೂಪಾಯಿ. 13,425ರಲ್ಲಿ ಅದು ಹೋಗಿ 7,425 ಅಸಲಿಗೆ ಜಮಾ. ಬಾಕಿ 7,92,575. ಎರಡನೆಯ ತಿಂಗಳ ಬಡ್ಡಿ ಅದರ ಮೇಲೆ, 5,944. ಹೀಗೆ ಅರವತ್ತು ಸಾಲು ಇಳಿಸಿಕೊಂಡು ಹೋದರೆ ಕೊನೆಯ ಸಾಲಿನಲ್ಲಿ ಬಾಕಿ ಸೊನ್ನೆಗೆ ಬಾರದೆ, ಪೈಸೆಗಳ ವ್ಯತ್ಯಾಸ ಬಿಟ್ಟರೆ, 2,40,000ದಲ್ಲಿ ನಿಲ್ಲಬೇಕು. ನಿಂತರೆ ಕಂತು ಸರಿ. ಅವಸರದ ಲೆಕ್ಕದಂತೆ 11,625 ಮಾತ್ರ ಕಟ್ಟುತ್ತಾ ಬಂದಿದ್ದರೆ ಏನಾಗುತ್ತಿತ್ತು? ತಿಂಗಳಿಗೆ 1,800ರಂತೆ ಬಾಕಿಬಿದ್ದ ಬಡ್ಡಿ ಅಸಲಿಗೆ ಸೇರಿ, ಬಡ್ಡಿಗೆ ಬಡ್ಡಿ ಬೆಳೆದು, ಐದು ವರ್ಷದ ಕೊನೆಗೆ ಕಟ್ಟಬೇಕಾದದ್ದು ಸುಮಾರು 3,75,760 ರೂಪಾಯಿ ಆಗುತ್ತಿತ್ತು.

ಕಂಪ್ಯೂಟರಿನ ಹಾಳೆಯಲ್ಲಿ ಲೆಕ್ಕ ಹಾಕುವವರಿಗೆ ಒಂದೇ ಸಾಲು ಸಾಕು:

```
=PMT(9%/12, 60, -800000, 240000)
```

ಉತ್ತರ 13,424.68. ಇಲ್ಲಿ ಎಡವುವುದು ಚಿಹ್ನೆಯಲ್ಲಿ. ಸಾಲ ಒಂದು ಕಡೆಗೆ ಹೋದ ಹಣ, ಬಲೂನ್ ಅದಕ್ಕೆದುರಾಗಿ ಬರುವ ಹಣ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಚಿಹ್ನೆ ಇರಬೇಕು. ಎರಡಕ್ಕೂ ಮೈನಸ್ ಹಾಕಿದರೆ 19,789 ಎಂದು ಬರುತ್ತದೆ. ಬಲೂನ್ ಇಟ್ಟ ಮೇಲೆ ಕಂತು ಮಾಮೂಲಿಗಿಂತ ಏರಿತೆಂದರೆ ತಪ್ಪು ಚಿಹ್ನೆಯಲ್ಲೇ ಇದೆ ಎಂದು ತಿಳಿಯಿರಿ.

ಇನ್ನೊಂದು ತೊಡಕು ದಿನಾಂಕದ್ದು. ಮಾತಿನಲ್ಲಿ ‘ಅರವತ್ತು ಕಂತು, ಕೊನೆಯದು ಬಲೂನ್’ ಎಂದುಬಿಡುತ್ತಾರೆ. 60ನೆಯ ತಿಂಗಳು ಕಂತೂ ಬಲೂನೂ ಎರಡೂ ಕಟ್ಟಬೇಕೋ, ಅಥವಾ 59 ಕಂತು ಕಟ್ಟಿ 60ನೆಯ ತಿಂಗಳು ಬಲೂನ್ ಒಂದೇ ಕಟ್ಟಬೇಕೋ? ಎರಡನೆಯದಾದರೆ ತಿಂಗಳ ಕಂತು 13,605. ನಿಮ್ಮ ಲೆಕ್ಕಕ್ಕೂ ಅವರ ಕಾಗದಕ್ಕೂ ನೂರೆಂಬತ್ತು ರೂಪಾಯಿಯಷ್ಟು ವ್ಯತ್ಯಾಸ ಕಂಡರೆ ಜಗಳಕ್ಕೆ ಹೋಗುವ ಮೊದಲು ಇದನ್ನು ಕೇಳಿ. ವ್ಯತ್ಯಾಸ ಅದಕ್ಕಿಂತ ಬಹಳ ಹೆಚ್ಚಿದ್ದರೆ, ಹೇಳಿದ ಬಡ್ಡಿ ದರ ಇಳಿಯುವ ಬಾಕಿಯ ಮೇಲಿನದೋ ಅಥವಾ ಮೊದಲ ದಿನದ ಸಾಲದ ಮೇಲೆಯೇ ಕೊನೆವರೆಗೂ ಹಾಕುವ ಫ್ಲಾಟ್ ದರವೋ ಎಂದು ಕೇಳಬೇಕಾಗುತ್ತದೆ. ಕೇಳಲು ಈಗ ಆಧಾರವೂ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಹೊಸ ಚಿಲ್ಲರೆ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಕೊಡಬೇಕು. ಶುಲ್ಕಗಳೂ ಸೇರಿದ ವಾರ್ಷಿಕ ದರ, ಕಂತುಗಳ ಪೂರ್ತಿ ಪಟ್ಟಿ ಅದರಲ್ಲಿರುತ್ತವೆ. ಮೇಲೆ ಹೇಳಿದ ತಾಳೆ ನೋಡಲು ಆ ಪಟ್ಟಿಯ ಕೊನೆಯ ಎರಡು ಸಾಲು ಸಾಕು.

ಬಲೂನನ್ನು ಇನ್ನೂ ದೊಡ್ಡದು ಮಾಡಿದರೆ ಕಂತು ಎಲ್ಲಿಯವರೆಗೆ ಇಳಿದೀತು? ಈ ದರಕ್ಕೆ, ಈ ಅವಧಿಗೆ ಒಂದು ಲಕ್ಷದ ಮಾಮೂಲಿ ಇಎಂಐ 2,076. ಅದೇ ಲಕ್ಷವನ್ನು ಬಲೂನಿಗೆ ದೂಡಿದರೆ ಕಟ್ಟುವುದು ಬಡ್ಡಿ 750 ಮಾತ್ರ. ಹಾಗಾಗಿ ದೂಡಿದ ಪ್ರತಿ ಲಕ್ಷಕ್ಕೆ ತಿಂಗಳಿಗೆ 1,326 ರೂಪಾಯಿ ಹಗುರ, ಅದಕ್ಕಿಂತ ಹೆಚ್ಚಿಲ್ಲ. ಪೂರ್ತಿ 8 ಲಕ್ಷವನ್ನೇ ದೂಡಿದರೂ 6,000 ಕಟ್ಟಲೇಬೇಕು. ಯಾರಾದರೂ ಈ ಸಾಲಕ್ಕೆ 6,000ಕ್ಕಿಂತ ಕಡಿಮೆ ಕಂತು ಹೇಳಿದರೆ ನಿಮ್ಮ ಬಾಕಿ ತಿಂಗಳಿಂದ ತಿಂಗಳಿಗೆ ಏರುತ್ತಿರುತ್ತದೆ.

ಈ ಅನುಕೂಲಕ್ಕೆ ಬೆಲೆ ಎಷ್ಟು? ಮಾಮೂಲಿ ಸಾಲದಲ್ಲಿ ಐದು ವರ್ಷಕ್ಕೆ ಕಟ್ಟುವ ಬಡ್ಡಿ ಸುಮಾರು 1,96,400. ಬಲೂನಿನಲ್ಲಿ 2,45,480. ಸುಮಾರು 49,000 ರೂಪಾಯಿ ಹೆಚ್ಚು. ಕಾರಣ ಕೊನೆಯ ಕಂತಿನಲ್ಲಿ ಚೆನ್ನಾಗಿ ಕಾಣುತ್ತದೆ: ಮಾಮೂಲಿ ಸಾಲದ 60ನೆಯ ಕಂತಿನಲ್ಲಿ ಬಡ್ಡಿಯ ಪಾಲು 124 ರೂಪಾಯಿ ಮಾತ್ರ, ಬಲೂನ್ ಸಾಲದ 60ನೆಯ ಕಂತಿನಲ್ಲಿ 1,887. ಆದರೂ ಇದನ್ನು ನಷ್ಟವೆಂದು ಕರೆಯುವುದು ಪೂರ್ತಿ ಸರಿಯಲ್ಲ. ಆ ಹಣ ಅಷ್ಟು ದಿನ ನಿಮ್ಮ ಬಳಿಯೇ ಇತ್ತು. ನಷ್ಟವೋ ಲಾಭವೋ ಎಂಬುದು ನೀವು ಅದನ್ನು ಏನು ಮಾಡಿದಿರಿ ಎಂಬುದರ ಮೇಲೆ ನಿಂತಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಎರಡು ಕಂತುಗಳ ಅಂತರ 3,182 ರೂಪಾಯಿ. ಇದನ್ನು ಪ್ರತಿ ತಿಂಗಳು ಶೇ. 9ರ ಬಡ್ಡಿ ಸಿಗುವ ಕಡೆ ಕಟ್ಟುತ್ತಾ ಹೋದರೆ ಐದು ವರ್ಷಕ್ಕೆ ಅದು ಸರಿಯಾಗಿ 2,40,000 ಆಗುತ್ತದೆ. ಕಂತು ಇಳಿಯುವುದು ಇಷ್ಟೇ ಯಾಕೆ ಎಂಬುದಕ್ಕೆ ಇನ್ನೊಂದು ಉತ್ತರ ಇದೇ. ಆದರೆ ಸಾಲದ ದರದಲ್ಲಿ ಠೇವಣಿ ಕೊಡುವ ಬ್ಯಾಂಕು ಎಲ್ಲಿದೆ? ಶೇ. 6.5ರ ಆರ್‌ಡಿ ಎಂದಿಟ್ಟುಕೊಂಡರೆ ಅದೇ 3,182 ಬೆಳೆಯುವುದು ಸುಮಾರು 2,25,000 ರೂಪಾಯಿಗೆ. ಶಿಸ್ತಿನಿಂದ ಪ್ರತಿ ತಿಂಗಳು ಕಟ್ಟಿದವರಿಗೂ ಹದಿನೈದು ಸಾವಿರ ಕಡಿಮೆ ಬೀಳುತ್ತದೆ. ಆರ್‌ಡಿ ಬಡ್ಡಿಗೆ ಆದಾಯ ತೆರಿಗೆ ಬೇರೆ. ಹಾಗಾಗಿ ಸಂಬಳದಲ್ಲಿ ಮಾಮೂಲಿ ಇಎಂಐ ಕಟ್ಟುವ ಶಕ್ತಿಯಿದ್ದು, ‘ಉಳಿದದ್ದನ್ನು ಕೂಡಿಡುತ್ತೇನೆ’ ಎಂದು ಬಲೂನ್ ಆರಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಐದನೆಯ ವರ್ಷ ಎಲ್‌ಐಸಿ ಪಾಲಿಸಿ ಮುಗಿಯುವುದಿದೆ, ನಿವೃತ್ತಿಯ ಗಂಟು ಬರುವುದಿದೆ ಅಥವಾ ಅಷ್ಟರಲ್ಲಿ ಕಾರು ಮಾರುವುದೆಂದು ಮೊದಲೇ ತೀರ್ಮಾನವಾಗಿದೆ ಎಂಬವರ ವಿಚಾರ ಬೇರೆ.

ಮಾರುವವರೂ ಒಂದು ಲೆಕ್ಕ ಮೊದಲೇ ನೋಡಬೇಕು. ನಾಲ್ಕು ವರ್ಷ ತುಂಬಿದಾಗ ಮಾಮೂಲಿ ಸಾಲದ ಬಾಕಿ ಸುಮಾರು 1,90,000, ಬಲೂನ್ ಸಾಲದ ಬಾಕಿ ಸುಮಾರು 3,73,000. ಆ ಹೊತ್ತಿಗೆ ಕಾರಿನ ಬೆಲೆ ಇದಕ್ಕಿಂತ ಕೆಳಗೆ ಬಿದ್ದಿದ್ದರೆ ಮಾರಿದವರೇ ಕೈಯಿಂದ ಹಣ ಹಾಕಬೇಕಾಗುತ್ತದೆ.

60ನೆಯ ತಿಂಗಳು ಹಣ ಹೊಂದಿಸಲಾಗದವರಿಗೆ ಉಳಿಯುವ ದಾರಿ ಮರುಸಾಲ. ಬ್ಯಾಂಕು ಕೊಟ್ಟೇ ಕೊಡುತ್ತದೆಂಬ ಭರವಸೆ ಮೂಲ ಕಾಗದದಲ್ಲಿ ಇಲ್ಲದಿದ್ದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆದದ್ದು ಇದೇ. ಅಲ್ಲಿನ ಎಷ್ಟೋ ಮನೆ ಸಾಲಗಳು ಕೆಲವೇ ವರ್ಷದ ಅವಧಿಯವು. ಕೊನೆಗೆ ಉಳಿದ ದೊಡ್ಡ ಅಸಲನ್ನು ಹೊಸ ಸಾಲ ಮಾಡಿ ತೀರಿಸುವುದು ರೂಢಿ. ಆರ್ಥಿಕ ಕುಸಿತ ಬಂದಾಗ ಬ್ಯಾಂಕುಗಳು ಹೊಸ ಸಾಲ ಕೊಡಲಿಲ್ಲ, ಮನೆಗಳು ಜಪ್ತಿಯಾದವು. 1933ರಲ್ಲಿ ಅಲ್ಲಿನ ಸರ್ಕಾರ ಹೋಮ್ ಓನರ್ಸ್ ಲೋನ್ ಕಾರ್ಪೊರೇಶನ್ ಎಂಬ ಸಂಸ್ಥೆ ಕಟ್ಟಿ, ಅಂಥ ಸಾಲಗಳನ್ನು ಕೊಂಡು, ತಿಂಗಳ ಕಂತಿನಲ್ಲೇ ಅಸಲೂ ತೀರುವ ದೀರ್ಘಾವಧಿ ಸಾಲಗಳಾಗಿ ಬದಲಿಸಿತು.

ನಮ್ಮ ಉದಾಹರಣೆಯಲ್ಲಿ ಮರುಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಕಾರು ಹಳೆಯದು, ದರ ಏರಿರುತ್ತದೆ. ಶೇ. 12ರಂತೆ ಮೂರು ವರ್ಷಕ್ಕೆ 2,40,000 ರೂಪಾಯಿಯ ಇಎಂಐ 7,971. ಬಡ್ಡಿಯೇ ಸುಮಾರು 47,000. ಮೊದಲಿನ ಹೆಚ್ಚುವರಿ 49,000ದ ಮೇಲೆ ಇದು. ಅಲ್ಲಿಗೆ ಎಂಟು ವರ್ಷ ಆಗಿರುತ್ತದೆ. ಅಷ್ಟೂ ಕಾಲ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇದ್ದೇ ಇರುತ್ತದೆ, ಅವರ ಎನ್‌ಒಸಿ ಇಲ್ಲದೆ ಕಾರನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡಲು ಬರುವುದಿಲ್ಲ.